ಅಣಕು ನ್ಯಾಯಾಲಯದ ಅಂತಿಮ ವಾದ: ಚೆಕ್ ಬೌನ್ಸ್ ಕೇಸಿನಲ್ಲಿ ದೂರುದಾರರ ಪರವಾಗಿ

ಸ್ವಾಮಿ, ನಮಸ್ಕಾರ. ನಾನು ದೂರುದಾರರ ಪರ ವಕೀಲ.

ಮೊದಲು ಒಂದು ವಾಟ್ಸಾಪ್ ಮೆಸೇಜ್ ಓದಿಬಿಡುತ್ತೇನೆ, ಅನುಮತಿ ಕೊಡಿ. ಅದು ನಮ್ಮ ಕಡೆಯಿಂದ ಗುರುತು ಮಾಡಿದ ದಾಖಲೆ, ನಿ.ಪಿ-9. 2023ರ ಆಗಸ್ಟ್ 8ರ ರಾತ್ರಿ 9 ಗಂಟೆ 40 ನಿಮಿಷಕ್ಕೆ ಆರೋಪಿಯ ನಂಬರಿನಿಂದ ದೂರುದಾರರಿಗೆ ಬಂದದ್ದು. "ಅಣ್ಣಾ, ಪಾರ್ಟಿ ದುಡ್ಡು ಇನ್ನೂ ಬಂದಿಲ್ಲ. ಹತ್ತನೇ ತಾರೀಖಿನ ಚೆಕ್ ಆವತ್ತೇ ಹಾಕ್ಬೇಡಿ, ಎರಡು ದಿನ ತಡೀರಿ." ಇಷ್ಟೇ. ನಾನು ಇವತ್ತು ಹೇಳಬೇಕಾದ್ದರಲ್ಲಿ ಮುಕ್ಕಾಲು ಪಾಲನ್ನು ಆರೋಪಿಯೇ ಆ ರಾತ್ರಿ ಟೈಪ್ ಮಾಡಿ ಕಳಿಸಿಬಿಟ್ಟಿದ್ದಾರೆ. ಚೆಕ್ ನಮ್ಮ ಹತ್ತಿರ ಇದೆ ಅಂತ ಅವರಿಗೆ ಗೊತ್ತಿತ್ತು. ಅದರ ಮೇಲೆ ಹತ್ತನೇ ತಾರೀಖು ಇದೆ ಅಂತಲೂ ಗೊತ್ತಿತ್ತು. ಖಾತೆಯಲ್ಲಿ ದುಡ್ಡಿಲ್ಲ ಅನ್ನೋದಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ದೂರುದಾರರು ತಡೆದರು. ಅವರು ಕೇಳಿದ್ದು ಎರಡು ದಿನ, ಇವರು ಕೊಟ್ಟಿದ್ದು ನಾಲ್ಕು. 14ನೇ ತಾರೀಖು ಚೆಕ್ ಹಾಕಿದರು. 16ಕ್ಕೆ ವಾಪಸ್ ಬಂತು, 'ಫಂಡ್ಸ್ ಇನ್‌ಸಫಿಶಿಯೆಂಟ್' ಅಂತ.

ವ್ಯವಹಾರ ಏನು ಅನ್ನೋದನ್ನು ಚುಟುಕಾಗಿ ಹೇಳುತ್ತೇನೆ. ದೂರುದಾರರದ್ದು ಪ್ಲೈವುಡ್ ಅಂಗಡಿ. ಆರೋಪಿ ಇಂಟೀರಿಯರ್ ಕಾಂಟ್ರಾಕ್ಟರ್, ಆರು ವರ್ಷದಿಂದ ಗಿರಾಕಿ. 2023ರ ಮಾರ್ಚ್‌ನಿಂದ ಜೂನ್ ತನಕ ಒಂದು ಮನೆಯ ಕೆಲಸಕ್ಕೆ ಉದ್ರಿಯಲ್ಲಿ ಮಾಲು ತಗೊಂಡರು. ನಾಲ್ಕು ಬಿಲ್, ನಿ.ಪಿ-5ರಿಂದ 8. ಮೊತ್ತ 1,35,000, 1,62,000, 98,000, 97,000. ಒಟ್ಟು 4,92,000 ರೂಪಾಯಿ. ಎಂಟು ಶೀಟ್ ವಾಪಸ್ ಬಂದವು, ಅದಕ್ಕೆ 12,000 ಕಳೆದರು. ಉಳಿದದ್ದು 4,80,000. ಚೆಕ್ಕಿನಲ್ಲಿರುವುದೂ ಸರಿಯಾಗಿ 4,80,000. ಸ್ವಾಮಿ, ಖಾಲಿ ಚೆಕ್ಕಿನಲ್ಲಿ ಬಾಯಿಗೆ ಬಂದ ಮೊತ್ತ ಬರೆದುಕೊಂಡವರು ವಾಪಸ್ ಬಂದ ಎಂಟು ಶೀಟಿನ ದುಡ್ಡನ್ನು ಕಳೆದು ಬರೆಯುತ್ತಾರಾ?

ಈಗ ಕಾನೂನಿಗೆ ಬರುತ್ತೇನೆ. ಚೆಕ್ ಆರೋಪಿಯ ಖಾತೆಯದ್ದು, ಸಹಿ ಅವರದ್ದೇ. ಇದನ್ನು ಅವರು ಪಾಟಿ ಸವಾಲಿನಲ್ಲಿ ಒಪ್ಪಿದ್ದಾರೆ. ಒಪ್ಪಿದ ಕ್ಷಣವೇ ಚೆಕ್ ವ್ಯವಹಾರಕ್ಕೆ ಇರುವ ಎನ್.ಐ. ಆಕ್ಟ್‌ನ ಸೆಕ್ಷನ್ 139 ಕೆಲಸ ಶುರು ಮಾಡುತ್ತದೆ. ಆ ಚೆಕ್ ಸಾಲ ತೀರಿಸಲು ಕೊಟ್ಟದ್ದು ಅಂತಲೇ ನ್ಯಾಯಾಲಯ ಭಾವಿಸಬೇಕು. ಭಾವಿಸಬಹುದು ಅಂತಲ್ಲ, ಭಾವಿಸಲೇಬೇಕು. ನಮ್ಮ ರಾಜ್ಯದಿಂದಲೇ ಹೋದ ರಂಗಪ್ಪ ವಿರುದ್ಧ ಶ್ರೀ ಮೋಹನ್ ಕೇಸಿನಲ್ಲಿ, 2010ರಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ವಸೂಲಿ ಮಾಡಬಹುದಾದ ಸಾಲ ಇತ್ತು ಅನ್ನೋದು ಕೂಡ ಈ ಭಾವನೆಯ ಒಳಗೇ ಬರುತ್ತದೆ. ಹೌದು, ಆರೋಪಿ ಇದನ್ನು ಮುರಿಯಬಹುದು. ಅದಕ್ಕೆ ಸಂಶಯಾತೀತ ಪುರಾವೆ ಬೇಕಿಲ್ಲ, ನಂಬಬಹುದಾದ ಒಂದು ಸಂಗತಿ ಸಾಕು. ಆ ಹೊರೆ ಹಗುರ ಅಂತ ನಾನೂ ಒಪ್ಪುತ್ತೇನೆ. ಆದರೆ ಹಗುರವಾದ ಹೊರೆಯನ್ನೂ ಎತ್ತಲೇಬೇಕಲ್ವಾ?

ಎತ್ತಲು ಅವರು ಏನು ತಂದರು ನೋಡಿ. ಒಂದಲ್ಲ, ಎರಡು ಕಥೆ.

ಮೊದಲನೇ ಕಥೆ ದೂರುದಾರರ ಪಾಟಿ ಸವಾಲಿನಲ್ಲಿ ಬಂತು. ಆರೋಪಿ ಅಂಗಡಿಗೆ ಬಂದಾಗ ಕೌಂಟರ್ ಮೇಲೆ ಚೆಕ್ ಪುಸ್ತಕ ಮರೆತು ಹೋದರು, ಅದರಿಂದ ಒಂದು ಹಾಳೆ ಹರಿದುಕೊಂಡಿದ್ದೀರಿ ಅಂತ ನನ್ನ ಗೆಳೆಯರು, ಆರೋಪಿ ಪರ ವಕೀಲರು, ಸೂಚಿಸಿದರು. ಸುಳ್ಳು ಅಂದರು ದೂರುದಾರರು. ಮೂರು ತಿಂಗಳಾದ ಮೇಲೆ ಆರೋಪಿ ತಾವೇ ಸಾಕ್ಷಿ ಕಟ್ಟೆ ಹತ್ತಿದರು. ಆಗ ಕಳುವಿನ ಮಾತೇ ಇಲ್ಲ! ಆರು ವರ್ಷದ ಹಿಂದೆ ಉದ್ರಿ ಶುರುವಾದಾಗ ಭದ್ರತೆಗೆ ಅಂತ ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಿದ್ದೆ ಅಂದರು. ಕಳುವಾಗಿದ್ದರೆ ಕೊಟ್ಟಿರಲಿಲ್ಲ, ಕೊಟ್ಟಿದ್ದರೆ ಕಳುವಾಗಿರಲಿಲ್ಲ. ಎರಡರಲ್ಲಿ ಯಾವುದನ್ನು ನಂಬಬೇಕು ಅಂತ ನಾನು ಕೇಳುವುದಿಲ್ಲ, ಯಾಕೆಂದರೆ ಆರೋಪಿಗೇ ಇನ್ನೂ ತೀರ್ಮಾನವಾದಂತೆ ಕಾಣುವುದಿಲ್ಲ. ಕಳುವಿನ ಬಗ್ಗೆ ಪೊಲೀಸ್ ದೂರು ಇಲ್ಲ. ಬ್ಯಾಂಕಿಗೆ ಒಂದು ಪತ್ರವೂ ಇಲ್ಲ, ಸ್ಟಾಪ್ ಪೇಮೆಂಟ್ ಕೂಡ ಇಲ್ಲ. ಬ್ಯಾಂಕ್ ಮ್ಯಾನೇಜರ್ ಬಂದು ಹೇಳಿದ್ದು ಇನ್ನೂ ಸ್ಪಷ್ಟ: ಈ ಚೆಕ್ ಪುಸ್ತಕವನ್ನೇ ಆರೋಪಿಗೆ ಕೊಟ್ಟದ್ದು 2023ರ ಜನವರಿಯಲ್ಲಿ. ಆರು ವರ್ಷದ ಹಿಂದೆ ಕೊಟ್ಟ ಚೆಕ್, ಆರು ತಿಂಗಳ ಹಿಂದಿನ ಪುಸ್ತಕದಿಂದ ಹೇಗೆ ಬಂತು? ಚೆಕ್ ಹಾಕಿದ ದಿನ ಖಾತೆಯಲ್ಲಿದ್ದದ್ದು 1,340 ರೂಪಾಯಿ ಅಂತಲೂ ಮ್ಯಾನೇಜರೇ ಹೇಳಿದರು.

ನನ್ನ ಗೆಳೆಯರು ಜೋರಾಗಿ ಹಿಡಿದುಕೊಂಡದ್ದು ಶಾಯಿಯ ವಿಷಯ. ಸಹಿ ನೀಲಿ, ಉಳಿದ ಬರಹ ಕಪ್ಪು. ನಿಜ. ಮೊತ್ತ, ತಾರೀಖು ಬರೆದದ್ದು ತಮ್ಮ ಅಂಗಡಿಯ ಹುಡುಗ ಅಂತ ದೂರುದಾರರು ಒಂದು ಮಾತಿಗೇ ಒಪ್ಪಿಕೊಂಡಿದ್ದಾರೆ. ನಾನು ಅದನ್ನು ಮುಚ್ಚಿಡಲು ಹೋಗುವುದಿಲ್ಲ. ಆದರೆ ಬರೆದದ್ದು ಆರೋಪಿಯ ಎದುರಿಗೇ, ಲೆಕ್ಕ ಮುಗಿಸಿದ ಮೇಲೆ. ಸೆಕ್ಷನ್ 20ರ ಪ್ರಕಾರ ಸಹಿ ಮಾಡಿ ಕೊಟ್ಟವರು ಅದನ್ನು ತುಂಬಲು ಅಧಿಕಾರವನ್ನೂ ಕೊಟ್ಟಂತೆಯೇ. ಬೀರ್ ಸಿಂಗ್ ವಿರುದ್ಧ ಮುಖೇಶ್ ಕುಮಾರ್ ಕೇಸಿನಲ್ಲಿ, 2019ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ: ಬಾಕಿ ಹಣಕ್ಕಾಗಿ ಮನಸ್ಸಿನಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿಗೂ ಸೆಕ್ಷನ್ 139 ಅನ್ವಯಿಸುತ್ತದೆ. ಇನ್ನು ತಾರೀಖನ್ನು ಆರೋಪಿಗೆ ಗೊತ್ತಿಲ್ಲದೆ ಹಾಕಿಕೊಂಡರು ಅನ್ನುವ ಹಾಗೂ ಇಲ್ಲ. ಹತ್ತನೇ ತಾರೀಖಿನ ಚೆಕ್ ಅಂತ ಬರೆದವರು ಅವರೇ.

ಆ ಮೆಸೇಜ್ ಬಗ್ಗೆ ಅವರ ಉತ್ತರ ಏನು? ಫೋನ್ ಆಗ ಮೇಸ್ತ್ರಿ ಕೈಯಲ್ಲಿತ್ತು ಅಂದರು. ಮೇಸ್ತ್ರಿಯನ್ನು ಸಾಕ್ಷಿಯಾಗಿ ಕರೆಸಲಿಲ್ಲ. ಇಂಥ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ 65ಬಿ ಪ್ರಮಾಣಪತ್ರ ನಿ.ಪಿ-10ರಲ್ಲಿದೆ, ಗುರುತು ಹಾಕುವಾಗ ಆಕ್ಷೇಪಣೆಯನ್ನೂ ಎತ್ತಲಿಲ್ಲ.

ಈಗ ನಮ್ಮ ಕೇಸಿನಲ್ಲಿ ಸ್ವಲ್ಪ ಸಡಿಲ ಅನಿಸುವ ಜಾಗಕ್ಕೆ ನಾನೇ ಬರುತ್ತೇನೆ. ನಾಲ್ಕನೇ ಬಿಲ್ಲಿನ ಮೇಲೆ ಆರೋಪಿಯ ಸಹಿ ಇಲ್ಲ. ಸೈಟಿನಲ್ಲಿ ಮಾಲು ಇಳಿಸಿಕೊಂಡ ಮೇಸ್ತ್ರಿಯ ಸಹಿ ಇದೆ. ಹೌದು, ಅದೇ ಮೇಸ್ತ್ರಿ. 97,000 ರೂಪಾಯಿ ಮಾಲು ಬಂದೇ ಇಲ್ಲ ಅಂತ ಆರೋಪಿ ಮುಖ್ಯ ವಿಚಾರಣೆಯಲ್ಲಿ ಹೇಳಿದರು. ಪಾಟಿ ಸವಾಲಿನಲ್ಲಿ ನಾನು ಒಂದೇ ಪ್ರಶ್ನೆ ಕೇಳಿದೆ: ಈ ನಾಲ್ಕೂ ಬಿಲ್ಲಿಗೆ ಜಿಎಸ್‌ಟಿಯಲ್ಲಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತಗೊಂಡಿದ್ದೀರಾ? ತಗೊಂಡಿದ್ದೇನೆ ಅಂದರು. ಸ್ವಾಮಿ, ಮಾಲು ಕೈ ಸೇರದೆ ಆ ಕ್ರೆಡಿಟ್ ತಗೊಳ್ಳುವ ಹಾಗಿಲ್ಲ, ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 16 ಅದನ್ನೇ ಹೇಳುತ್ತದೆ. ಸರ್ಕಾರದ ಮುಂದೆ ಮಾಲು ಬಂತು, ಈ ನ್ಯಾಯಾಲಯದ ಮುಂದೆ ಬರಲಿಲ್ಲ. ಹೀಗೆ ಎರಡೂ ಕಡೆ ಲಾಭ ಮಾಡಿಕೊಳ್ಳಲು ಬಿಡಬಾರದು ಅಂತ ಕೇಳಿಕೊಳ್ಳುತ್ತೇನೆ.

ಬಸಲಿಂಗಪ್ಪ ವಿರುದ್ಧ ಮುದಿಬಸಪ್ಪ ತೀರ್ಪನ್ನು ನನ್ನ ಗೆಳೆಯರು ಓದಿದರು. ಒಳ್ಳೆಯ ತೀರ್ಪು, ಆದರೆ ಈ ಕೇಸಿಗೆ ಹೊಂದುವುದಿಲ್ಲ. ಅಲ್ಲಿ ಇದ್ದದ್ದು 6 ಲಕ್ಷದ ಕೈಸಾಲ, ಅಷ್ಟು ದುಡ್ಡು ಕೊಡುವ ಶಕ್ತಿ ದೂರುದಾರರಿಗೆ ಇತ್ತಾ ಅನ್ನೋದೇ ಪ್ರಶ್ನೆ. ಇಲ್ಲಿ ಯಾರೂ ಯಾರಿಗೂ ನಗದು ಕೊಟ್ಟಿಲ್ಲ. ಅಂಗಡಿಯಿಂದ ಮಾಲು ಹೋಗಿದೆ, ಬಿಲ್ ಇದೆ.

ಕೊನೆಯದಾಗಿ ನೋಟಿಸ್. ಬ್ಯಾಂಕಿನಿಂದ ಚೆಕ್ ವಾಪಸ್ ಬಂದದ್ದು ಆಗಸ್ಟ್ 16, ನಾವು ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದ್ದು ಸೆಪ್ಟೆಂಬರ್ 4. ಮೂವತ್ತು ದಿನದ ಗಡುವಿನಲ್ಲಿ ಹತ್ತೊಂಬತ್ತು ದಿನ ಮಾತ್ರ ಬಳಸಿದ್ದೇವೆ. ಬಾಗಿಲು ಹಾಕಿದೆ, ತಿಳಿವಳಿಕೆ ಚೀಟಿ ಕೊಟ್ಟಿದೆ ಅನ್ನುವ ಷರಾದೊಂದಿಗೆ 13ನೇ ತಾರೀಖು ಲಕೋಟೆ ವಾಪಸ್ ಬಂತು. ಅದೇ ವಿಳಾಸವನ್ನು ಆರೋಪಿ ತಮ್ಮ ಜಾಮೀನು ಮುಚ್ಚಳಿಕೆಯಲ್ಲಿ ಬರೆದುಕೊಟ್ಟಿದ್ದಾರೆ, ನಿಮ್ಮ ಸಮನ್ಸ್ ಕೂಡ ಅಲ್ಲೇ ಜಾರಿಯಾಗಿದೆ. ಸರಿಯಾದ ವಿಳಾಸಕ್ಕೆ ಕಳಿಸಿದರೆ ತಲುಪಿದೆ ಅಂತಲೇ ಲೆಕ್ಕ, ಜನರಲ್ ಕ್ಲಾಸಸ್ ಆಕ್ಟ್ ಸೆಕ್ಷನ್ 27. ಅದೂ ಬೇಡ ಅಂದರೆ ಸಿ.ಸಿ. ಅಲವಿ ಹಾಜಿ ತೀರ್ಪು ಇದೆ, 2007ರದ್ದು: ನೋಟಿಸ್ ಬರಲಿಲ್ಲ ಅನ್ನುವವರು ಸಮನ್ಸ್ ಸಿಕ್ಕ ಹದಿನೈದು ದಿನದೊಳಗೆ ದುಡ್ಡು ಕಟ್ಟಬಹುದಿತ್ತು. ಕಟ್ಟಲಿಲ್ಲ. ನೋಟಿಸಿನ ಹದಿನೈದು ದಿನ ಸೆಪ್ಟೆಂಬರ್ 28ಕ್ಕೆ ಮುಗಿಯಿತು, ಅಕ್ಟೋಬರ್ 16ಕ್ಕೆ ದೂರು ದಾಖಲಾಯಿತು. ಒಂದು ತಿಂಗಳ ಒಳಗೇ ಇದ್ದೇವೆ.

ನ್ಯಾಯಾಲಯ ಆರೋಪಿಯ ವಿವರಣೆ ಕೇಳುವ 313ರ ಹೇಳಿಕೆಯಲ್ಲಿ ಪ್ರತಿ ಪ್ರಶ್ನೆಗೂ ಅವರು ಕೊಟ್ಟ ಉತ್ತರ 'ಸುಳ್ಳು', ಅಷ್ಟೇ. ಚೆಕ್ ಹೇಗೆ ಹೋಯಿತು ಅಂತ ಹೇಳಲು ಅದಕ್ಕಿಂತ ಒಳ್ಳೆಯ ಅವಕಾಶ ಯಾವುದಿತ್ತು?

ಆರೋಪಿಗೆ ಕೆಲಸ ಕೊಟ್ಟ ಪಾರ್ಟಿ ದುಡ್ಡು ಕೊಡದೆ ಆಟ ಆಡಿಸಿರಬಹುದು. ನನಗೆ ಅದು ಸುಳ್ಳು ಅನಿಸುವುದಿಲ್ಲ, ಈ ವ್ಯಾಪಾರದಲ್ಲಿ ಅದು ನಡೆಯುತ್ತಲೇ ಇರುತ್ತದೆ. ಹಾಗಾಗಿಯೇ ದೂರುದಾರರು ರಾಜಿಗೂ ಕೂತರು. ಸೆಕ್ಷನ್ 147ರಲ್ಲಿ ಅದಕ್ಕೆ ದಾರಿ ಇದೆ. ಎರಡು ಸಲ ಲೋಕ ಅದಾಲತ್‌ಗೆ ಹೋದರು, ಆರು ಕಂತು ಮಾಡಿಕೊಡುತ್ತೇನೆ ಅಂದರು. ಎರಡೂ ಸಲ ಆರೋಪಿ ಬರಲಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟು. ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 255(2)ರಡಿ ಆರೋಪಿಯನ್ನು ಎನ್.ಐ. ಆಕ್ಟ್ ಸೆಕ್ಷನ್ 138ರ ಚೆಕ್ ಬೌನ್ಸ್ ಅಪರಾಧಕ್ಕೆ ದೋಷಿ ಎಂದು ತೀರ್ಮಾನಿಸಬೇಕು. ಎರಡು ವರ್ಷದವರೆಗೆ ಸಜೆ, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ದೂರುದಾರರು ಆರೋಪಿಯನ್ನು ಜೈಲಿಗೆ ಕಳಿಸಲು ಹಟ ಹಿಡಿದಿಲ್ಲ, ಅವರಿಗೆ ಬೇಕಾದ್ದು ಅವರ ದುಡ್ಡು. ಆರ್. ವಿಜಯನ್ ವಿರುದ್ಧ ಬೇಬಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ವರ್ಷಕ್ಕೆ ಶೇಕಡಾ 9ರ ಸರಳ ಬಡ್ಡಿ ಹಿಡಿದರೆ, 2023ರ ಆಗಸ್ಟ್ 10ರಿಂದ ಇವತ್ತು, 2025ರ ಫೆಬ್ರವರಿ 10ರವರೆಗೆ ಹದಿನೆಂಟು ತಿಂಗಳಿಗೆ 64,800 ಆಗುತ್ತದೆ. ಅಸಲು ಸೇರಿ 5,44,800 ರೂಪಾಯಿ. ದಂಡ ಇದಕ್ಕಿಂತ ಕಡಿಮೆ ಆಗಬಾರದು, ಅದರಲ್ಲಿ ಈ ಮೊತ್ತವನ್ನು ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 357(1)(ಬಿ) ಪ್ರಕಾರ ದೂರುದಾರರಿಗೆ ಪರಿಹಾರವಾಗಿ ಕೊಡಿಸಬೇಕು, ಕಟ್ಟದಿದ್ದರೆ ಸಜೆ ವಿಧಿಸಬೇಕು ಎಂದು ಕೇಳಿಕೊಳ್ಳುತ್ತೇನೆ.

ನನ್ನ ವಾದ ಇಷ್ಟೇ, ಸ್ವಾಮಿ.