ಜಪಾನಿನ ಸರಬರಾಜುದಾರರಿಗೆ 28,40,000 ಯೆನ್ ಮುಂಗಡ ಪಾವತಿ: ಬ್ಯಾಂಕಿಗೆ ಕೋರಿಕೆ ಪತ್ರ

ದಿನಾಂಕ: 16 ಫೆಬ್ರವರಿ 2026, ಸೋಮವಾರ

ಇವರಿಂದ:
ಹೊನ್ನಾದೇವಿ ಪ್ರಿಸಿಷನ್ ಟೂಲ್ಸ್
ಪೀಣ್ಯ ಕೈಗಾರಿಕಾ ಪ್ರದೇಶ, 2ನೇ ಹಂತ, ಬೆಂಗಳೂರು

ಇವರಿಗೆ:
ಶಾಖಾ ವ್ಯವಸ್ಥಾಪಕರು
(ಗಮನಕ್ಕೆ: ವಿದೇಶಿ ವಿನಿಮಯ ವಿಭಾಗ)
ಪೀಣ್ಯ ಕೈಗಾರಿಕಾ ಪ್ರದೇಶ ಶಾಖೆ, ಬೆಂಗಳೂರು

ಮಾನ್ಯರೇ,

ವಿಷಯ: ಆಮದು ಮುಂಗಡವಾಗಿ ಜಪಾನೀ ಯೆನ್ 28,40,000 ಕಳುಹಿಸುವ ಬಗ್ಗೆ. ಎಲ್ಲ ಬ್ಯಾಂಕ್ ಶುಲ್ಕ ನಮ್ಮದು (OUR).

ನಗೋಯಾದ ನಮ್ಮ ಸರಬರಾಜುದಾರರಾದ ತ್ಸುಕಿಹಾರಾ ಸೇಕಿ ಅವರ ಪ್ರೊಫಾರ್ಮಾ ಇನ್‌ವಾಯ್ಸ್ TH-2602-31ರ ಪ್ರಕಾರ, ವರ್ಟಿಕಲ್ ಮೆಷಿನಿಂಗ್ ಸೆಂಟರಿನ ಒಂದು ಸ್ಪಿಂಡಲ್‌ಗೆ ಪೂರ್ತಿ ಮೊತ್ತವನ್ನು ಮುಂಗಡವಾಗಿ ಕಳುಹಿಸಬೇಕಿದೆ. ಕೊನೆಯ ಅಂಕಿ 3096 ಇರುವ ನಮ್ಮ ಚಾಲ್ತಿ ಖಾತೆಗೆ ಖರ್ಚು ಹಾಕಿ ಈ ಪಾವತಿ ಮಾಡಿಕೊಡಿ. ಉದ್ದೇಶ ಸಂಕೇತ S0101, ಆಮದಿಗೆ ಮುಂಗಡ. ಸರಕಿನ ಎಚ್‌ಎಸ್ ಶೀರ್ಷಿಕೆ 8466, ಮೂಲ ದೇಶ ಜಪಾನ್. ಮೊತ್ತ 2 ಲಕ್ಷ ಡಾಲರಿಗಿಂತ ಬಹಳ ಕಡಿಮೆ ಇರುವುದರಿಂದ ಬ್ಯಾಂಕ್ ಗ್ಯಾರಂಟಿಯ ಪ್ರಶ್ನೆ ಬರುವುದಿಲ್ಲ.

ಕರೆನ್ಸಿ ಮತ್ತು ಮೊತ್ತ

ಮಾರಾಟಗಾರರ ಕೈಗೆ ತಲುಪಬೇಕಾದದ್ದು ಯೆನ್ 28,40,000, ಅಕ್ಷರದಲ್ಲಿ ಇಪ್ಪತ್ತೆಂಟು ಲಕ್ಷ ನಲವತ್ತು ಸಾವಿರ ಜಪಾನೀ ಯೆನ್ ಮಾತ್ರ. ಪ್ರೊಫಾರ್ಮಾದಲ್ಲಿ ಇದನ್ನೇ 2,840,000 ಎಂದು ಅವರ ಕ್ರಮದಲ್ಲಿ ಬರೆದಿದ್ದಾರೆ. ಅಲ್ಪವಿರಾಮದ ಜಾಗ ಬೇರೆ, ಮೊತ್ತ ಒಂದೇ. ಯೆನ್‌ಗೆ ಪೈಸೆಯಂಥ ಉಪಘಟಕ ಇಲ್ಲದ ಕಾರಣ ದಶಮಾಂಶದ ನಂತರ ಎರಡು ಸೊನ್ನೆ ಹಾಕುವ ಅಭ್ಯಾಸ ಇಲ್ಲಿ ಬೇಡ. ದಶಮಾಂಶ ಚುಕ್ಕೆ ತಪ್ಪಿಹೋಗಿ ಆ ಸೊನ್ನೆಗಳು ಮಾತ್ರ ಉಳಿದರೆ ಮೊತ್ತ ನೂರು ಪಟ್ಟಾಗುತ್ತದೆ. ಆದ್ದರಿಂದ ಏಳು ಅಂಕಿಗಳನ್ನು ಮಾತ್ರ ಟೈಪ್ ಮಾಡಿಸಿ, ಚೆಕರ್ ಅದನ್ನು ಅಕ್ಷರದ ಮೊತ್ತಕ್ಕೆ ತಾಳೆ ನೋಡಲಿ.

ಪಾವತಿ ಯೆನ್‌ನಲ್ಲೇ ಹೊರಡಬೇಕು, ತಮ್ಮ ಬ್ಯಾಂಕಿನ ಟೋಕಿಯೊ ಯೆನ್ ನಾಸ್ಟ್ರೊ ಖಾತೆಯ ಮೂಲಕ. ಸಿಸ್ಟಮ್ ತಾನಾಗಿ ತೋರಿಸುವ ಡಾಲರ್ ಆಯ್ಕೆಯನ್ನು ದಯವಿಟ್ಟು ಒಪ್ಪಬೇಡಿ. ಡಾಲರ್ ಕಳುಹಿಸಿದರೆ ಅದನ್ನು ಯೆನ್ ಮಾಡುವುದು ಅವರ ಬ್ಯಾಂಕು, ತನ್ನ ದರದಲ್ಲಿ. ಇನ್‌ವಾಯ್ಸಿನ ಅಂಕಿ ಆಗ ಎಂದೂ ಕೂಡಿಬರುವುದಿಲ್ಲ.

ಯೆನ್ ದರವನ್ನು 100 ಯೆನ್‌ಗೆ ಇಷ್ಟು ರೂಪಾಯಿ ಎಂದು ಹೇಳುವುದು ವಾಡಿಕೆ. 100 ಯೆನ್‌ಗೆ ₹59.25ರ ವರೆಗೆ, ತಮ್ಮ ಮಾರ್ಜಿನ್ ಸೇರಿ, ನಮ್ಮನ್ನು ಕೇಳದೆ ಬುಕ್ ಮಾಡಬಹುದು. ಅದಕ್ಕಿಂತ ಮೇಲೆ ಹೋದರೆ ಖಾತೆಯಲ್ಲಿ ನೋಂದಾಯಿಸಿರುವ ಮೊಬೈಲಿಗೆ ಕರೆ ಮಾಡಿ ಒಪ್ಪಿಗೆ ಪಡೆಯಿರಿ. ಡೀಲ್ ಸ್ಲಿಪ್ಪಿನಲ್ಲಿ ಮೂಲ ದರ ಮತ್ತು ಮಾರ್ಜಿನ್ ಬೇರೆಬೇರೆ ಕಾಣಬೇಕು. ಮಿತಿಯ ದರದಲ್ಲೇ ಆದರೂ ಮೂಲ ಮೊತ್ತ ₹16,82,700. ಖಾತೆಯಲ್ಲಿ ಈ ಪಾವತಿಗೆಂದೇ ₹17,50,000 ಇಟ್ಟಿದ್ದೇವೆ.

ದಿನ

ಹಣ ಟೋಕಿಯೊದಲ್ಲಿ 20 ಫೆಬ್ರವರಿ ಶುಕ್ರವಾರದ ಮೌಲ್ಯ ದಿನಾಂಕಕ್ಕೆ ಸೇರಬೇಕು. ಅದಕ್ಕಾಗಿ ನಾಳೆ 17ರಂದು ಸ್ಪಾಟ್ ದರದಲ್ಲಿ ಬುಕ್ ಆಗಲೇಬೇಕು. 19ರಂದು ಶಿವಾಜಿ ಜಯಂತಿಗೆ ಮುಂಬೈ ಫಾರೆಕ್ಸ್ ಮಾರುಕಟ್ಟೆ ರಜೆ, ಹಾಗಾಗಿ 17ರಿಂದ ಎರಡು ಕೆಲಸದ ದಿನ ಎಂದರೆ 18 ಮತ್ತು 20. ಒಂದು ದಿನ ತಡವಾಗಿ 18ಕ್ಕೆ ಬುಕ್ ಮಾಡಿದರೆ ಸ್ಪಾಟ್ ಶುಕ್ರವಾರ ದಾಟುತ್ತದೆ. ಶನಿವಾರ, ಭಾನುವಾರ ಸರಿ, 23 ಸೋಮವಾರ ಜಪಾನಿನಲ್ಲಿ ಚಕ್ರವರ್ತಿಯ ಹುಟ್ಟುಹಬ್ಬದ ರಜೆ. ಹಣ ಮಂಗಳವಾರ 24ಕ್ಕೆ ಹೋಗಿ ನಿಲ್ಲುತ್ತದೆ. 26ರ ವಿಮಾನಕ್ಕೆ ಸ್ಪಿಂಡಲ್ ಹತ್ತಿಸಲು ಮಾರಾಟಗಾರರು ಪೂರ್ತಿ ಹಣ ಖಾತೆಗೆ ಬಂದದ್ದನ್ನು ನೋಡಿದ ಮೇಲೆ ಎರಡು ದಿನ ಕೇಳಿದ್ದಾರೆ. ಇಲ್ಲಿ ಯಂತ್ರ ನಿಂತಿದೆ. ಟೋಕಿಯೊ ನಮಗಿಂತ ಮೂರೂವರೆ ಗಂಟೆ ಮುಂದಿರುವುದರಿಂದ ಸಂದೇಶವನ್ನು 20ರ ಬೆಳಿಗ್ಗೆ ಕಳುಹಿಸಿದರೂ ಅಲ್ಲಿನ ಕಟ್‌ಆಫ್ ಮುಗಿದಿರಬಹುದು. 18ರಂದೇ, 20ರ ಮೌಲ್ಯ ದಿನಾಂಕ ಹಾಕಿ, ಕಳುಹಿಸಿ.

ಶುಲ್ಕ ಯಾರದು

ಈ ಪತ್ರದ ಮುಖ್ಯ ವಿಷಯ ಇದು. ಪ್ರೊಫಾರ್ಮಾದ 7ನೇ ಷರತ್ತು ಸ್ಪಷ್ಟ: ಜಪಾನಿನ ಒಳಗಿನದು, ಹೊರಗಿನದು ಎರಡೂ ಸೇರಿ ಎಲ್ಲ ಬ್ಯಾಂಕ್ ಶುಲ್ಕ ಕೊಳ್ಳುವವರದು, ಮೊತ್ತ ಕಡಿತವಿಲ್ಲದೆ ಬಂದರೆ ಮಾತ್ರ ಸರಕು ಬಿಡುಗಡೆ. ಆದ್ದರಿಂದ ಶುಲ್ಕದ ಸಂಕೇತ OUR. ಹೊಸ ಐಎಸ್‌ಒ 20022 ಪರದೆಯಲ್ಲಾದರೆ ಅದೇ DEBT. ಶಾಖೆಯ ಪರದೆಯಲ್ಲಿ ಸಾಮಾನ್ಯವಾಗಿ SHA ಮೊದಲೇ ಆಯ್ಕೆಯಾಗಿರುತ್ತದೆ, ಮೇಕರ್ ಅದನ್ನು ಬದಲಿಸದೆ ಮುಂದೆ ಹೋಗುವ ಸಾಧ್ಯತೆ ಹೆಚ್ಚು. SHA ಆದರೆ ಇಲ್ಲಿನ ಶುಲ್ಕ ಮಾತ್ರ ನಮ್ಮದು, ದಾರಿಯಲ್ಲಿನ ಬ್ಯಾಂಕು ತನ್ನ ಶುಲ್ಕವನ್ನು ಕಳುಹಿಸಿದ ಹಣದಲ್ಲೇ ಹಿಡಿದುಕೊಳ್ಳುತ್ತದೆ. ಒಮ್ಮೆ ಸಂದೇಶ ಹೋದ ಮೇಲೆ ಅದನ್ನು ತಿದ್ದಿ ಹಣ ತುಂಬಿಸುವ ಸುಲಭದ ದಾರಿ ಇಲ್ಲ. ಕೊರತೆಗೆ ಮತ್ತೊಂದು ರವಾನೆ, ಮತ್ತೊಂದು ಓಆರ್‌ಎಂ, ಮತ್ತೊಮ್ಮೆ ಕಮಿಷನ್. ಅಷ್ಟರಲ್ಲಿ ವಿಮಾನ ಹೋಗಿರುತ್ತದೆ.

ಬಿಡುಗಡೆ ಮಾಡುವ ಮುನ್ನ ಈ ನಾಲ್ಕು ಸಾಲು ಹೀಗೇ ಇವೆಯೇ ಎಂದು ಚೆಕರ್ ನೋಡಲಿ:

```
IntrBkSttlmAmt  JPY 2840000
InstdAmt        JPY 2840000
ChrgBr          DEBT
RmtInf          PI TH-2602-31 ADVANCE 100PCT SPINDLE ORIGIN JAPAN
```

ಮೇಲಿನ ಎರಡು ಮೊತ್ತ ಒಂದೇ ಇರಬೇಕು. ಮೊದಲನೆಯದು ಕಡಿಮೆ ಕಂಡರೆ ಶುಲ್ಕ ಮೂಲ ಮೊತ್ತದಿಂದ ಕಳೆದಿದೆ ಎಂದರ್ಥ. ಕೊನೆಯ ಸಾಲಿನಲ್ಲಿ ಸರಕು ಮತ್ತು ಮೂಲ ದೇಶ ಬಿಡಬೇಡಿ: ನಿರ್ಬಂಧಿತ ದೇಶಗಳ ವ್ಯಾಪಾರವಲ್ಲ ಎಂದು ಖಚಿತಪಡಿಸಿಕೊಳ್ಳಲು ಜಪಾನಿನ ಬ್ಯಾಂಕುಗಳು ಇದನ್ನು ಕೇಳುತ್ತವೆ, ಇಲ್ಲದಿದ್ದರೆ ಹಣ ಬಂದಿದ್ದರೂ ಖಾತೆಗೆ ಹಾಕದೆ ವಿಚಾರಣೆ ಕಳುಹಿಸುತ್ತವೆ.

ಶುಲ್ಕಗಳನ್ನು ಮೂಲ ಮೊತ್ತದ ಜೊತೆ ಕೂಡಿಸದೆ 3096 ಖಾತೆಗೆ ಪ್ರತ್ಯೇಕ ಸಾಲುಗಳಲ್ಲಿ ಖರ್ಚು ಹಾಕಿ: ತಮ್ಮ ಕಮಿಷನ್, ಸ್ವಿಫ್ಟ್ ಶುಲ್ಕ, ವಿದೇಶಿ ಬ್ಯಾಂಕಿಗೆಂದು ಮುಂಗಡವಾಗಿ ಪಡೆಯುವ OUR ಶುಲ್ಕ, ಇವುಗಳ ಮೇಲಿನ ಜಿಎಸ್‌ಟಿ, ಕರೆನ್ಸಿ ವಿನಿಮಯದ ಜಿಎಸ್‌ಟಿ. ಕೊನೆಯದನ್ನು ನಾವೂ ಲೆಕ್ಕ ಹಾಕಿದ್ದೇವೆ. 100 ಯೆನ್‌ಗೆ ₹58.50 ದರ ಸಿಕ್ಕರೆ ಮೂಲ ಮೊತ್ತ ₹16,61,400. ಹತ್ತು ಲಕ್ಷದ ಮೇಲಿನ ವಿನಿಮಯಕ್ಕೆ ತೆರಿಗೆಯ ಮೌಲ್ಯ ₹5,500, ಜೊತೆಗೆ ಹತ್ತು ಲಕ್ಷ ಮೀರಿದ ಭಾಗದ 0.1%, ಅಂದರೆ ₹6,161.40. ಅದರ 18% ಎಂದರೆ ₹1,109.05. ದರ ಬದಲಾದಂತೆ ಇದೂ ಸ್ವಲ್ಪ ಬದಲಾದೀತು, ಆದರೆ ಪೂರ್ತಿ 16 ಲಕ್ಷಕ್ಕೆ 18% ಎಂಬ ತಪ್ಪು ಲೆಕ್ಕ ಬರಕೂಡದು. ಹೂಡುವಳಿ ತೆರಿಗೆ ಪಡೆಯಲು ನಮ್ಮ ಜಿಎಸ್‌ಟಿಐಎನ್ ಇರುವ ತೆರಿಗೆ ಬಿಲ್ಲು ಬೇಕು.

ವಿದೇಶಿ ಬ್ಯಾಂಕಿನ OUR ಶುಲ್ಕಕ್ಕೆ ₹6,000ದ ವರೆಗೆ ಈ ಪತ್ರವೇ ಒಪ್ಪಿಗೆ. ಟೋಕಿಯೊ ಬ್ಯಾಂಕು ವಾರಗಳ ನಂತರ ಹೆಚ್ಚಿನ ಶುಲ್ಕ ಕೇಳಿ ಸಂದೇಶ ಕಳುಹಿಸುವುದುಂಟು (MT191 ಅಥವಾ camt.106). ಆ ಸಂದೇಶದ ಪ್ರತಿ ನಮಗೆ ಕೊಟ್ಟ ಮೇಲೆಯೇ ಖಾತೆಗೆ ಖರ್ಚು ಹಾಕಿ.

ಇನ್ನೊಂದು ಸಂಗತಿ. OUR ಎಂದು ಹಾಕಿದ್ದರೂ ಪಡೆಯುವವರ ಬ್ಯಾಂಕು ತನ್ನ ಗ್ರಾಹಕರೊಂದಿಗಿನ ಒಪ್ಪಂದದಂತೆ ಲಿಫ್ಟಿಂಗ್ ಚಾರ್ಜ್ ಹಿಡಿಯಬಹುದು, ಅದು ನಮ್ಮ ಹಿಡಿತದಲ್ಲಿಲ್ಲ. ಹಾಗಾದರೆ ಸರಕು ತಡೆಯದೆ, 5,000 ಯೆನ್ ಮೀರದಂತೆ ಮುಂದಿನ ಇನ್‌ವಾಯ್ಸಿಗೆ ಸೇರಿಸುವುದಾಗಿ ಮಾರಾಟಗಾರರು ಲಿಖಿತವಾಗಿ ಒಪ್ಪಿದ್ದಾರೆ. ಆದ್ದರಿಂದ ಸುರಕ್ಷತೆಗೆಂದು ಮೊತ್ತವನ್ನು ಒಂದಿಷ್ಟು ಹೆಚ್ಚಿಸಿ ಕಳುಹಿಸುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ಹೆಚ್ಚು ಹೋದ ಯೆನ್‌ಗೆ ಬಿಲ್ ಆಫ್ ಎಂಟ್ರಿ ಇರುವುದಿಲ್ಲ, ಐಡಿಪಿಎಂಎಸ್‌ನಲ್ಲಿ ಆ ಓಆರ್‌ಎಂ ಬಾಕಿ ಎಂದೇ ತೋರಿಸುತ್ತಿರುತ್ತದೆ.

ಪಡೆಯುವವರ ಖಾತೆ

ಹೆಸರು: TSUKIHARA SEIKI CO., LTD., ನಗೋಯಾ, ಜಪಾನ್. ಖಾತೆಯ ಬಗೆ ತೋಜಾ, ಅಂದರೆ ಚಾಲ್ತಿ. ಶಾಖೆ ಸಂಖ್ಯೆ 314, ಖಾತೆ ಸಂಖ್ಯೆ 2170826. ಜಪಾನಿನಲ್ಲಿ ಐಬಿಎಎನ್ ಇಲ್ಲ, ಆ ಕಲಂ ಖಾಲಿ ಇರಲಿ; ಸೊನ್ನೆ ತುಂಬಿಸಬೇಡಿ. ಬ್ಯಾಂಕಿನ ಹೆಸರು ಮತ್ತು ಸ್ವಿಫ್ಟ್ ಕೋಡನ್ನು ಲಗತ್ತು 1ರ ಎರಡನೇ ಪುಟದಿಂದ ಅಕ್ಷರಶಃ ನಕಲಿಸಿ. ಊರು ಮತ್ತು ದೇಶವನ್ನು ವಿಳಾಸದ ಸಾಲಿನಲ್ಲಿ ತುರುಕದೆ ತಂತಮ್ಮ ಕಲಂಗಳಲ್ಲಿ ಹಾಕಿಸಿ.

ಈ ಖಾತೆಯನ್ನು 13 ಫೆಬ್ರವರಿಯಂದು, ಇಮೇಲಿನಲ್ಲಿದ್ದ ಸಂಖ್ಯೆಗಲ್ಲ, 2023ರ ಮೂಲ ಒಪ್ಪಂದದಲ್ಲಿರುವ ದೂರವಾಣಿಗೆ ಕರೆ ಮಾಡಿ ಖಚಿತಪಡಿಸಿಕೊಂಡಿದ್ದೇವೆ. ಖಾತೆ ಬದಲಾಗಿದೆ ಎಂಬ ಯಾವ ಇಮೇಲ್ ತಮಗೆ ಬಂದರೂ, ಅದು ನಮ್ಮ ವಿಳಾಸದಿಂದಲೇ ಬಂದಂತೆ ಕಂಡರೂ, ಪಾವತಿ ನಿಲ್ಲಿಸಿ ನಮಗೆ ಫೋನ್ ಮಾಡಿ.

ಕಳುಹಿಸಿದ ಮೇಲೆ

ಸಂದೇಶ ಹೊರಟ ದಿನವೇ ಅದರ ಪ್ರತಿ ಮತ್ತು ಯುಇಟಿಆರ್ ಸಂಖ್ಯೆ ಕೊಡಿ. ಆ ಸಂಖ್ಯೆ ಇದ್ದರೆ ಹಣ ಎಲ್ಲಿದೆ, ಯಾವ ಬ್ಯಾಂಕು ಎಷ್ಟು ಕಡಿತ ಮಾಡಿತು ಎಂಬುದನ್ನು ಮಾರಾಟಗಾರರ ಬ್ಯಾಂಕೂ ಹುಡುಕಬಲ್ಲದು. ಓಆರ್‌ಎಂ ಸಂಖ್ಯೆಯೂ ಬೇಕು. ಕೆಂಪೇಗೌಡ ವಿಮಾನ ನಿಲ್ದಾಣದ ಏರ್ ಕಾರ್ಗೊದಲ್ಲಿ ಸಲ್ಲಿಸುವ ಬಿಲ್ ಆಫ್ ಎಂಟ್ರಿಯಲ್ಲಿ ಇದೇ ಶಾಖೆಯ ಎಡಿ ಕೋಡ್ ಇರುವಂತೆ ಕಸ್ಟಮ್ಸ್ ಏಜೆಂಟರಿಗೆ ತಿಳಿಸಿದ್ದೇವೆ. ಸರಕು ಬಿಡಿಸಿಕೊಂಡ ಕೂಡಲೇ ಬಿಲ್ ಆಫ್ ಎಂಟ್ರಿ ಸಂಖ್ಯೆ, ಅಂತಿಮ ಇನ್‌ವಾಯ್ಸ್ ಮತ್ತು ಏರ್‌ವೇ ಬಿಲ್ ತಂದುಕೊಡುತ್ತೇವೆ. ಯಾವ ಕಾರಣಕ್ಕಾದರೂ ಸರಕು ಬಾರದಿದ್ದರೆ ಮುಂಗಡವನ್ನು ಭಾರತಕ್ಕೆ ವಾಪಸು ತರಿಸುವ ಹೊಣೆ ನಮ್ಮದು.

ಈ ವ್ಯವಹಾರವು ಫೆಮಾ ಕಾಯ್ದೆಯನ್ನಾಗಲಿ ಅದರಡಿಯ ನಿಯಮಗಳನ್ನಾಗಲಿ ಉಲ್ಲಂಘಿಸುವುದಿಲ್ಲ, ಇದೇ ಇನ್‌ವಾಯ್ಸಿಗೆ ಬೇರೆ ಯಾವ ಬ್ಯಾಂಕಿನಿಂದಲೂ ಹಣ ಕಳುಹಿಸಿಲ್ಲ ಎಂದು ಘೋಷಿಸುತ್ತೇವೆ. ಕಾಯ್ದೆಯ 10(5)ನೇ ಕಲಂ ಅಡಿಯ ಸಹಿ ಮಾಡಿದ ಘೋಷಣೆ ಲಗತ್ತಿಸಿದೆ.

ಕಾಗದಪತ್ರದಲ್ಲಿ ಕೊರತೆ ಇದ್ದರೆ ಇಂದು ಸಂಜೆಯೊಳಗೆ ತಿಳಿಸಿ, ನಾಳೆ ಮಾರುಕಟ್ಟೆ ತೆರೆಯುವ ಮೊದಲು ಶಾಖೆಗೆ ತಲುಪಿಸುತ್ತೇವೆ.

ತಮ್ಮ ವಿಶ್ವಾಸಿ,
ಎಚ್. ಎಸ್. ಮಂಜುನಾಥ
ಪಾಲುದಾರ ಮತ್ತು ಅಧಿಕೃತ ಸಹಿದಾರ
ಹೊನ್ನಾದೇವಿ ಪ್ರಿಸಿಷನ್ ಟೂಲ್ಸ್

ಲಗತ್ತುಗಳು:
1. ಪ್ರೊಫಾರ್ಮಾ ಇನ್‌ವಾಯ್ಸ್ TH-2602-31, ಎರಡು ಪುಟ, ಮಾರಾಟಗಾರರ ಸಹಿಯೊಂದಿಗೆ
2. ನಮ್ಮ ಖರೀದಿ ಆದೇಶದ ಪ್ರತಿ
3. ಐಇಸಿ ಮತ್ತು ಜಿಎಸ್‌ಟಿ ನೋಂದಣಿ ಪ್ರತಿಗಳು
4. ಫೆಮಾ ಘೋಷಣೆ
5. ಲಿಫ್ಟಿಂಗ್ ಚಾರ್ಜ್ ಕುರಿತು ಮಾರಾಟಗಾರರ ಒಪ್ಪಿಗೆ ಪತ್ರ