ಹಾಲು ಉತ್ಪಾದಕರ ಸಹಕಾರ ಸಂಘದ ಆಡಳಿತ ಮಂಡಳಿ ಸಭೆ, 8 ಆಗಸ್ಟ್ 2025: ತೀರ್ಮಾನಗಳ ವರದಿ

ಇವರಿಗೆ: ಆಡಳಿತ ಮಂಡಳಿಯ ಎಲ್ಲ ನಿರ್ದೇಶಕರು
ಪ್ರತಿ: ಹಾಲು ಒಕ್ಕೂಟದ ವಿಸ್ತರಣಾಧಿಕಾರಿಗಳು
ಇವರಿಂದ: ಕಾರ್ಯದರ್ಶಿ
ದಿನಾಂಕ: 10 ಆಗಸ್ಟ್ 2025

ಮಾನ್ಯರೇ,

ಶುಕ್ರವಾರ ಬೆಳಿಗ್ಗೆ ಹಾಲು ಅಳತೆ ಮುಗಿದ ನಂತರ ಸಂಘದ ಕಚೇರಿಯಲ್ಲಿ ನಡೆದ ಸಭೆಗೆ ನಾನು ಒಕ್ಕೂಟದ ತರಬೇತಿಯ ಕಾರಣ ಹಾಜರಾಗಿರಲಿಲ್ಲ. ಸಭೆ ಮುಗಿದ ಮೇಲೆ ಅಧ್ಯಕ್ಷರು ಕಳುಹಿಸಿದ ಮೂರು ಧ್ವನಿ ಸಂದೇಶಗಳನ್ನು ಅಕ್ಷರಕ್ಕೆ ಇಳಿಸಿ, ಅದರ ಆಧಾರದ ಮೇಲೆ ಈ ವರದಿಯನ್ನು ಸಿದ್ಧಪಡಿಸಿದ್ದೇನೆ. ಹದಿಮೂರು ನಿರ್ದೇಶಕರ ಪೈಕಿ ಹತ್ತು ಮಂದಿ ಹಾಜರಿದ್ದುದರಿಂದ ಕೋರಂ ಇತ್ತು. ಸಂದೇಶದಲ್ಲಿ ಕನ್ನಂಬಾಡಿ ಕಟ್ಟೆ ಈ ಬಾರಿ ಜೂನ್‌ನಲ್ಲೇ ತುಂಬಿದ ಸಂತೋಷ, ಸಂತೆಯಲ್ಲಿ ಎಚ್‌ಎಫ್ ಹಸುವಿಗೆ ಹೇಳುತ್ತಿರುವ ಬೆಲೆ ಮುಂತಾದ ಮಾತುಗಳೂ ಸಾಕಷ್ಟು ಇದ್ದವು; ಅವು ಇಲ್ಲಿ ಬಂದಿಲ್ಲ. ಆದರೆ ಸಭೆ ಒಪ್ಪಿದ ಯಾವ ತೀರ್ಮಾನವನ್ನೂ, ಅದು ಎಷ್ಟೇ ಚಿಕ್ಕದಾದರೂ, ಬಿಟ್ಟಿಲ್ಲ. ಕೇವಲ ಚರ್ಚೆಯಾಗಿ ಉಳಿದ ಸಂಗತಿಗಳನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಹೇಳಿದ್ದೇನೆ.

ತಕ್ಷಣ ಆಗಬೇಕಾದ ಕೆಲಸಗಳು ಮೂರು: ಆಗಸ್ಟ್ 14ರೊಳಗೆ ಜನರೇಟರ್ ದುರಸ್ತಿಯ ಅಂದಾಜು ಪಡೆಯುವುದು, ಆಗಸ್ಟ್ 18ರಂದು ಆಧಾರ್ ಜೋಡಣೆಯಾಗದ ಸದಸ್ಯರನ್ನು ಬ್ಯಾಂಕಿಗೆ ಕರೆದೊಯ್ಯುವುದು, ಆಗಸ್ಟ್ 28ರಂದು ಸರ್ವಸದಸ್ಯರ ಸಭೆಯ ನೋಟಿಸ್ ಹಂಚುವುದು.

ಜನರೇಟರ್ ಮತ್ತು ಹುಳಿಯಾದ ಹಾಲು

ಸಭೆಯ ಹೆಚ್ಚಿನ ಸಮಯ ಈ ವಿಷಯಕ್ಕೇ ಹೋಗಿದೆ. ಜುಲೈ ತಿಂಗಳಿನಲ್ಲಿ ಒಂದು ರಾತ್ರಿ ಕರೆಂಟ್ ಹೋಗಿ, ಜನರೇಟರ್ ಸಹ ಚಾಲೂ ಆಗದೆ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದ ಬಿಎಂಸಿಯ ಹಾಲು ಬೆಳಗಿನ ಜಾವದ ಹೊತ್ತಿಗೆ 11 ಡಿಗ್ರಿಗೆ ಏರಿತ್ತು. ಟ್ಯಾಂಕರ್ ಬಂದಾಗ ಹುಳಿ ಪರೀಕ್ಷೆಯಲ್ಲಿ 1,140 ಲೀಟರ್ ಹಾಲು ತಿರಸ್ಕೃತವಾಯಿತು. ಲೀಟರಿಗೆ 34 ರೂಪಾಯಿಯಂತೆ ಸಂಘಕ್ಕಾದ ನಷ್ಟ 38,760 ರೂಪಾಯಿ. ಅಧ್ಯಕ್ಷರ ಸಂದೇಶದಲ್ಲಿ ಈ ಭಾಗ ಹೀಗಿದೆ:

"ಹೊಸದು ತಗೊಳ್ಳೋಣ ಅಂತ ಇಬ್ರು ಕೂತ್ಕಂಡ್ರು, ಸೋಲಾರ್ ಹಾಕ್ಸಿ ಅಂತ ಒಬ್ರು, ನಾನಂದೆ ಎಲ್ಲಿಂದ ತರೋದು ದುಡ್ಡು, ಮೊದ್ಲು ಇರೋದ್ನ ರಿಪೇರಿ ಮಾಡ್ಸಿ, ನಲ್ವತ್ತೈದು ಸಾವ್ರದ ಒಳ್ಗೆ ಆದ್ರೆ ಮಾಡ್ಸೇ ಬಿಡೋದು, ಜಾಸ್ತಿ ಆದ್ರೆ ನಮ್ನ ಕೇಳಿ ಅಂತ ಎಲ್ರೂ ಒಪ್ಪುದ್ರು. ಆಮೇಲೆ ಆ ಹಾಲಿಂದು, ರೈತ್ರಿಗೆ ಹಿಡೀಬೇಡಿ, ಅವ್ರೇನ್ ಮಾಡಿದ್ರು ಪಾಪ."

ಇದರಿಂದ ಹೊರಡುವ ತೀರ್ಮಾನಗಳು ಎರಡು. ಹಾಲಿ ಇರುವ ಜನರೇಟರನ್ನು ದುರಸ್ತಿ ಮಾಡಿಸಬೇಕು. ಅಂದಾಜು 45,000 ರೂಪಾಯಿಯ ಒಳಗೆ ಇದ್ದರೆ ಮತ್ತೆ ಸಭೆ ಕರೆಯದೆ ಕೆಲಸ ಮಾಡಿಸಲು ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಅಧಿಕಾರವಿದೆ, ಮೀರಿದರೆ ಆಡಳಿತ ಮಂಡಳಿಯ ಮುಂದೆ ತರಬೇಕು. ಎರಡನೆಯದಾಗಿ, ತಿರಸ್ಕೃತವಾದ ಹಾಲಿನ ಮೊತ್ತವನ್ನು ಉತ್ಪಾದಕರ ಬಟವಾಡೆಯಲ್ಲಿ ಕಡಿತ ಮಾಡುವಂತಿಲ್ಲ. ಅದನ್ನು ಸಂಘದ ನಷ್ಟವಾಗಿ ಲೆಕ್ಕಕ್ಕೆ ತೆಗೆದುಕೊಂಡು ಸರ್ವಸದಸ್ಯರ ಸಭೆಯಲ್ಲಿ ಘಟನೋತ್ತರ ಮಂಜೂರಾತಿ ಪಡೆಯಬೇಕು. ಹೊಸ ಜನರೇಟರ್ ಮತ್ತು ಸೋಲಾರ್ ಸಲಹೆಗಳು ಸಲಹೆಗಳಾಗಿಯೇ ಉಳಿದಿವೆ. ಮೂರನೆಯ ಸಂದೇಶದ ಕೊನೆಯಲ್ಲಿ, ಬೇರೆ ವಿಷಯದ ನಡುವೆ, ಇನ್ನೊಂದು ಮಾತು ಬಂದಿದೆ: ಕಚೇರಿಯಲ್ಲಿ ಸದಾ 40 ಲೀಟರ್ ಡೀಸೆಲ್ ದಾಸ್ತಾನು ಇರಬೇಕು ಮತ್ತು ರಾತ್ರಿ ಪಾಳಿಯವರು ಹತ್ತು ಗಂಟೆಗೆ, ಎರಡು ಗಂಟೆಗೆ ಮತ್ತು ಐದು ಗಂಟೆಗೆ ಬಿಎಂಸಿಯ ಉಷ್ಣಾಂಶವನ್ನು ಪುಸ್ತಕದಲ್ಲಿ ಬರೆಯಬೇಕು. "ಇದೂ ಆಯ್ತು, ಬರ್ಕಳಿ" ಎಂದು ಅಧ್ಯಕ್ಷರೇ ಹೇಳಿರುವುದರಿಂದ ಇದನ್ನೂ ತೀರ್ಮಾನವೆಂದೇ ಪರಿಗಣಿಸಿದ್ದೇನೆ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಅಂದಾಜು ಪಡೆಯುವ ಹೊಣೆ ಉಪಾಧ್ಯಕ್ಷರದು.

ಫ್ಯಾಟ್ ಮತ್ತು ಡಿಗ್ರಿಯ ದೂರು

ಸಂಜೆಯ ಹಾಲಿಗೆ ಫ್ಯಾಟ್ ಕಡಿಮೆ ತೋರಿಸಲಾಗುತ್ತಿದೆ ಎಂದು ಕೆಲವು ಉತ್ಪಾದಕರು ಲಿಖಿತ ದೂರು ಕೊಟ್ಟಿದ್ದರು. ಮಿಲ್ಕ್ ಅನಲೈಸರ್ ಸರಿಯಿದೆಯೇ ಇಲ್ಲವೇ ಎಂಬುದನ್ನು ಸಭೆಯಲ್ಲಿ ಯಾರೂ ಖಚಿತವಾಗಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ಆದ್ದರಿಂದ ಸಭೆಯು ಯಂತ್ರದ ಬಗ್ಗೆಯಾಗಲಿ ಪರೀಕ್ಷಕರ ಬಗ್ಗೆಯಾಗಲಿ ಅಭಿಪ್ರಾಯ ದಾಖಲಿಸದೆ, ಹೋಲಿಕೆ ಪರೀಕ್ಷೆ ನಡೆಸಲು ನಿರ್ಧರಿಸಿದೆ. ಆಗಸ್ಟ್ 23ರಿಂದ ಆರಂಭಿಸಿ ಪ್ರತಿ ಶನಿವಾರ ಸಂಜೆ, ಚೀಟಿ ಎತ್ತಿ ಆಯ್ದ ಹತ್ತು ಉತ್ಪಾದಕರ ಮಾದರಿಗಳನ್ನು ಅನಲೈಸರ್‌ನಲ್ಲಿಯೂ ಗರ್ಬರ್ ವಿಧಾನದಲ್ಲಿಯೂ ಪರೀಕ್ಷಿಸಿ, ಎರಡೂ ಫಲಿತಾಂಶಗಳನ್ನು ಅಕ್ಕಪಕ್ಕದಲ್ಲಿ ಬರೆದು ಸೂಚನಾ ಫಲಕದಲ್ಲಿ ಹಾಕಬೇಕು. ಗರ್ಬರ್ ಪರೀಕ್ಷೆಗೆ ಪ್ರತಿ ಮಾದರಿಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು ಮತ್ತು 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಬೇಕಾಗುವುದರಿಂದ, ಆಮ್ಲ ಮತ್ತು ಬ್ಯುಟಿರೋಮೀಟರ್‌ಗಳನ್ನು ಒಕ್ಕೂಟದಿಂದ ತರಿಸಲು ವಿಸ್ತರಣಾಧಿಕಾರಿಗಳು ಒಪ್ಪಿದ್ದಾರೆ. ಆಮ್ಲವನ್ನು ಬೀಗ ಹಾಕಿದ ಕಪಾಟಿನಲ್ಲಿಯೇ ಇಡಬೇಕು ಎಂಬ ಮಹಿಳಾ ನಿರ್ದೇಶಕರ ಸೂಚನೆಯನ್ನೂ ಸಭೆ ಅಂಗೀಕರಿಸಿದೆ.

ಅನಲೈಸರ್ ಕ್ಯಾಲಿಬ್ರೇಷನ್ ಇನ್ನು ಮುಂದೆ ಪ್ರತಿ ತಿಂಗಳ ಮೊದಲ ವಾರದಲ್ಲಿ ಆಗಬೇಕು. ಪ್ರತಿ ಉತ್ಪಾದಕರಿಗೂ ಪ್ರತಿ ಹೊತ್ತು ಮುದ್ರಿತ ಚೀಟಿ ಕೊಡಲೇಬೇಕು. ಪ್ರಿಂಟರ್ ಕೆಟ್ಟಿದ್ದರೆ ಪಾಸ್‌ಬುಕ್‌ನಲ್ಲಿ ಕೈಯಲ್ಲಿ ಬರೆದು ಸಹಿ ಹಾಕಬೇಕು, ನಾಳೆ ಕೊಡುತ್ತೇವೆ ಎಂದು ಕಳುಹಿಸುವಂತಿಲ್ಲ.

ಔಷಧಿ ಕೊಟ್ಟ ಹಸುಗಳ ಹಾಲು

ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಪಡೆದ ಹಸುವಿನ ಹಾಲನ್ನು ಎಷ್ಟು ದಿನ ಡೇರಿಗೆ ತರಬಾರದು ಎಂಬುದರ ಕುರಿತು ಸಂದೇಶದಲ್ಲಿ ಎರಡು ರೀತಿಯ ಮಾತುಗಳಿವೆ. ಒಂದು ಕಡೆ "ಮೂರು ದಿನ" ಎಂದಿದೆ, ಮತ್ತೊಂದು ಕಡೆ "ಡಾಕ್ಟರ್ ಹೇಳ್ದಷ್ಟು ದಿನ" ಎಂದಿದೆ. ಅಧ್ಯಕ್ಷರನ್ನು ದೂರವಾಣಿಯಲ್ಲಿ ಕೇಳಿ ಖಚಿತಪಡಿಸಿಕೊಂಡಂತೆ ತೀರ್ಮಾನ ಹೀಗಿದೆ: ಪಶುವೈದ್ಯರು ಬರೆದುಕೊಟ್ಟಷ್ಟು ದಿನ ಹಾಲು ತರುವಂತಿಲ್ಲ, ಬರಹವಿಲ್ಲದಿದ್ದರೂ ಕೊನೆಯ ಚುಚ್ಚುಮದ್ದಿನಿಂದ ಕನಿಷ್ಠ ಮೂರು ದಿನ ತರುವಂತಿಲ್ಲ. ಬೇರೆ ಬೇರೆ ಔಷಧಿಗಳಿಗೆ ಅವಧಿ ಬೇರೆಯಾಗಿರುವುದರಿಂದ ವೈದ್ಯರ ಮಾತೇ ಮುಖ್ಯ. ಮೂರು ದಿನ ಎಂಬುದನ್ನು ಮಿತಿಯೆಂದು ಯಾರೂ ಓದಬಾರದು. ತಿಳಿದೂ ಅಂಥ ಹಾಲು ತಂದದ್ದು ಕಂಡುಬಂದರೆ ಮೊದಲ ಬಾರಿ ಎಚ್ಚರಿಕೆ, ಎರಡನೆಯ ಬಾರಿ ಆ ಪಾಳಿಯ ಹಾಲಿಗೆ ಹಣವಿಲ್ಲ. ಮುಂದಿನ ಕ್ರಮದ ಬಗ್ಗೆ ಸಭೆ ಏನನ್ನೂ ನಿರ್ಧರಿಸಿಲ್ಲ.

ಪಶು ಆಹಾರದ ಸಾಲ

ಆಹಾರದ ಬಾಬ್ತಿನಲ್ಲಿ 41 ಸದಸ್ಯರಿಂದ ಒಟ್ಟು 1,86,400 ರೂಪಾಯಿ ಬರಬೇಕಾಗಿದೆ. ಸೆಪ್ಟೆಂಬರ್ 1ರಿಂದ ಯಾವುದೇ ಸದಸ್ಯರಿಗೆ ಒಂದು ಬಟವಾಡೆ ಅವಧಿಯಲ್ಲಿ ಎರಡು ಚೀಲಕ್ಕಿಂತ ಹೆಚ್ಚು ಆಹಾರವನ್ನು ಸಾಲವಾಗಿ ಕೊಡುವುದಿಲ್ಲ. ಹಳೆಯ ಬಾಕಿಯನ್ನು ಮೂರು ಬಟವಾಡೆಗಳಲ್ಲಿ ಸಮನಾಗಿ ಹಿಡಿಯಲಾಗುವುದು. 10,000 ರೂಪಾಯಿಗೂ ಮೀರಿದ ಬಾಕಿ ಇರುವವರಿಗೆ ಮಾತ್ರ ಆರು ಬಟವಾಡೆಗಳ ಅವಕಾಶವಿದೆ. ನಿರ್ದೇಶಕರಿಗೂ ಇದೇ ನಿಯಮ ಅನ್ವಯಿಸುತ್ತದೆ ಎಂದು ಅಧ್ಯಕ್ಷರು ಎರಡು ಬಾರಿ ಒತ್ತಿ ಹೇಳಿರುವುದರಿಂದ ಅದನ್ನು ಇಲ್ಲಿ ಪ್ರತ್ಯೇಕವಾಗಿಯೇ ನಮೂದಿಸುತ್ತಿದ್ದೇನೆ.

ಪ್ರೋತ್ಸಾಹಧನ, ಗೌರವಧನ, ಲಸಿಕೆ

ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ, ಖಾತೆಗೆ ಆಧಾರ್ ಜೋಡಣೆಯಾಗದ 17 ಸದಸ್ಯರಿಗೆ ಅದು ಬಾಕಿ ಉಳಿದಿದೆ. ಆಗಸ್ಟ್ 18, ಸೋಮವಾರ ಇವರನ್ನು ಬ್ಯಾಂಕ್ ಶಾಖೆಗೆ ಕರೆದೊಯ್ಯುವ ವ್ಯವಸ್ಥೆಯನ್ನು ಕಾರ್ಯದರ್ಶಿಯಾಗಿ ನಾನು ಮಾಡುತ್ತೇನೆ. ವಾಹನದ ಖರ್ಚು ಸಂಘದ್ದು.

ಹಾಲು ಪರೀಕ್ಷಕರ ಮಾಸಿಕ ಗೌರವಧನವನ್ನು 7,500 ರೂಪಾಯಿಯಿಂದ 8,500 ರೂಪಾಯಿಗೆ ಸೆಪ್ಟೆಂಬರ್ 1ರಿಂದ ಹೆಚ್ಚಿಸಲಾಗಿದೆ. ಸಂದೇಶದ ಆರಂಭದಲ್ಲಿ 9,000 ಎಂಬ ಮೊತ್ತ ಕೇಳಿಬರುತ್ತದೆ. ಅದು ಪ್ರಸ್ತಾಪ ಮಾತ್ರ, ಕೊನೆಗೆ ಒಪ್ಪಿದ್ದು ಎಂಟೂವರೆ ಸಾವಿರ. ಪರೀಕ್ಷಕರ ಬಗ್ಗೆ ದೂರು ಬಾಕಿ ಇರುವಾಗ ಹೆಚ್ಚಳ ಬೇಡವೆಂದು ಒಬ್ಬ ನಿರ್ದೇಶಕರು ವ್ಯಕ್ತಪಡಿಸಿದ ಭಿನ್ನಾಭಿಪ್ರಾಯವನ್ನು ಅವರ ಕೋರಿಕೆಯಂತೆ ನಡಾವಳಿಯಲ್ಲಿ ದಾಖಲಿಸಲಾಗುವುದು.

ಕಾಲುಬಾಯಿ ರೋಗದ ಮುಂದಿನ ಸುತ್ತಿನ ಲಸಿಕೆಗೆ ಪಶುಪಾಲನಾ ಇಲಾಖೆಯವರು ದಿನಾಂಕ ತಿಳಿಸಿದ ಕೂಡಲೇ ಡೇರಿಯಲ್ಲಿ ಮೈಕಿನ ಮೂಲಕ ಸಾರಬೇಕು, ಕಿವಿಯೋಲೆ ಇಲ್ಲದ ರಾಸುಗಳ ಪಟ್ಟಿಯನ್ನು ಅದಕ್ಕೆ ಮೊದಲೇ ಸಿದ್ಧಪಡಿಸಬೇಕು. ಪಟ್ಟಿಯ ಹೊಣೆಯನ್ನು ಕೆಳಗಿನ ಬೀದಿಯ ಇಬ್ಬರು ನಿರ್ದೇಶಕರು ವಹಿಸಿಕೊಂಡಿದ್ದಾರೆ.

ಸರ್ವಸದಸ್ಯರ ವಾರ್ಷಿಕ ಸಭೆ

ಸಭೆಯನ್ನು ಸೆಪ್ಟೆಂಬರ್ 14, ಭಾನುವಾರ ಬೆಳಿಗ್ಗೆ 11 ಗಂಟೆಗೆ ಡೇರಿ ಆವರಣದಲ್ಲಿ ನಡೆಸಬೇಕು. ಸಹಕಾರ ಸಂಘಗಳ ಕಾಯ್ದೆಯಂತೆ ಸೆಪ್ಟೆಂಬರ್ 25ರೊಳಗೆ ಸಭೆ ಮುಗಿಯಬೇಕಾಗಿದ್ದು, ಮೊದಲು ಯೋಚಿಸಿದ್ದ 21ನೇ ತಾರೀಖು ಮಹಾಲಯ ಅಮಾವಾಸ್ಯೆಯಾದ್ದರಿಂದ ಜನ ಸೇರುವುದಿಲ್ಲವೆಂದು ಕೈಬಿಡಲಾಗಿದೆ. ಗಣೇಶನ ಹಬ್ಬದ ಮರುದಿನ, ಅಂದರೆ ಆಗಸ್ಟ್ 28ರಂದು, ನೋಟಿಸ್ ಮನೆಮನೆಗೆ ತಲುಪಬೇಕು. ಸಹಿ ಪಡೆದ ಪುಸ್ತಕವನ್ನು ಕಚೇರಿಯಲ್ಲಿ ಇಡಬೇಕು. ಊಟಕ್ಕೆ ಖರ್ಚಿನ ಮಿತಿ 30,000 ರೂಪಾಯಿ.

ತೀರ್ಮಾನವಾಗದ ವಿಷಯಗಳು

ಬೋನಸ್ ಪ್ರಮಾಣವನ್ನು ಲೆಕ್ಕಪರಿಶೋಧನಾ ವರದಿ ಬಂದ ಮೇಲೆ ಚರ್ಚಿಸಲು ಮುಂದೂಡಲಾಗಿದೆ. ಸದಸ್ಯರ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಕೊಡುವುದಕ್ಕೆ ಎಲ್ಲರ ಒಲವಿದೆ, ಆದರೆ ಮೊತ್ತವೂ ಅರ್ಹತೆಯೂ ನಿಗದಿಯಾಗಿಲ್ಲ. ಆದ್ದರಿಂದ ಯಾರೂ ಊರಿನಲ್ಲಿ ಈಗಲೇ ಮಾತು ಕೊಡಬಾರದೆಂದು ಕೋರುತ್ತೇನೆ. ಕಟ್ಟಡದ ಹಿಂಬದಿಗೆ ಶೆಡ್ ಹಾಕಿಸುವ ವಿಷಯ ಸಂದೇಶದಲ್ಲಿ ಅರ್ಧಕ್ಕೇ ನಿಂತಿದೆ. ಅಧ್ಯಕ್ಷರನ್ನು ವಿಚಾರಿಸಲಾಗಿ, ಆ ಹೊತ್ತಿಗೆ ಸಭೆ ಮುಗಿದು ಕಾಫಿ ಬಂದಿತ್ತು, ಅದು ಸಭೆಯ ಮಾತಲ್ಲ ಎಂದು ತಿಳಿಸಿದ್ದಾರೆ.

ಇದು ಮಾಹಿತಿಗಾಗಿ ಕಳುಹಿಸುತ್ತಿರುವ ವರದಿಯೇ ಹೊರತು ನಡಾವಳಿ ಅಲ್ಲ. ಹಾಜರಿದ್ದ ನಿರ್ದೇಶಕರು ಇದರಲ್ಲಿ ಬಿಟ್ಟುಹೋದ ಅಥವಾ ಬದಲಾದ ತೀರ್ಮಾನ ಕಂಡುಬಂದರೆ ಆಗಸ್ಟ್ 13, ಬುಧವಾರ ಸಂಜೆಯ ಹಾಲು ಅಳತೆಯೊಳಗೆ ನನಗೆ ತಿಳಿಸಬೇಕಾಗಿ ವಿನಂತಿ. ಮರುದಿನ ನಡಾವಳಿ ಪುಸ್ತಕಕ್ಕೆ ಬರೆದು ಅಧ್ಯಕ್ಷರ ಸಹಿಗೆ ಮಂಡಿಸುತ್ತೇನೆ. ಮೂಲ ಧ್ವನಿ ಸಂದೇಶಗಳೂ ಅವುಗಳ ಅಕ್ಷರರೂಪವೂ ಕಚೇರಿಯ ಕಂಪ್ಯೂಟರ್‌ನಲ್ಲಿವೆ. ಯಾವ ನಿರ್ದೇಶಕರು ಬೇಕಾದರೂ ಬಂದು ಕೇಳಬಹುದು.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ