ಮೈಸೂರು ಪ್ಲಂಬಿಂಗ್ ಸೇವೆ: ಸರ್ಚ್ ಜಾಹೀರಾತು ಮತ್ತು ಲ್ಯಾಂಡಿಂಗ್ ಪುಟ

ಜಾಹೀರಾತು

ಒತ್ತು, ಗುಣಿತ, ಸೊನ್ನೆಗಳನ್ನೂ ಒಂದೊಂದು ಅಕ್ಷರವೆಂದೇ ಎಣಿಸಿದೆ.

ಶೀರ್ಷಿಕೆಗಳು (ಮಿತಿ 30)

ಮೈಸೂರಿನಲ್ಲಿ ಪ್ಲಂಬರ್ ಬೇಕೇ?
ನಲ್ಲಿ ಸೋರಿಕೆ ರಿಪೇರಿ
ದರ ಮೊದಲು, ಕೆಲಸ ಆಮೇಲೆ
ಭೇಟಿ ಶುಲ್ಕ ₹149 ಮಾತ್ರ
ಸಿಂಕ್, ಕಮೋಡ್ ಬ್ಲಾಕ್ ತೆರವು
ಗೋಡೆ ಒಳಗಿನ ಪೈಪ್ ಸೋರಿಕೆ
ಫ್ಲಶ್ ಟ್ಯಾಂಕ್ ನೀರು ನಿಲ್ತಿಲ್ವಾ?
ಸಂಪು, ಟ್ಯಾಂಕ್, ಮೋಟರ್ ಲೈನ್
30 ದಿನ ಕೆಲಸದ ವಾರಂಟಿ
ಬೆಳಿಗ್ಗೆ 7ರಿಂದ ರಾತ್ರಿ 9
ಕುವೆಂಪುನಗರ, ವಿಜಯನಗರ, ಗೋಕುಲಂ

ವಿವರಣೆಗಳು (ಮಿತಿ 90)

ನೋಡಿದ ಮೇಲೆ ಖರ್ಚೆಷ್ಟೆಂದು ಬರೆದುಕೊಡುತ್ತೇವೆ. ನೀವು ಒಪ್ಪಿದರಷ್ಟೇ ಕೆಲಸ ಶುರು.

ಭೇಟಿ ಶುಲ್ಕ ₹149. ಕೆಲಸ ಮಾಡಿಸಿದರೆ ಅದನ್ನು ಕೂಲಿಯಲ್ಲಿ ಕಳೆಯುತ್ತೇವೆ. ಸಾಮಾನಿಗೆ ಅಂಗಡಿ ಬಿಲ್.

ಸೋರುವ ನಲ್ಲಿ, ಕಟ್ಟಿಕೊಂಡ ಸಿಂಕ್, ತುಂಬಿ ಹರಿಯುವ ಟ್ಯಾಂಕ್. ಕರೆ ಮಾಡಿ, ಬರುವ ಸಮಯ ಹೇಳುತ್ತೇವೆ.

ಮೈಸೂರಿನ ಮನೆಗಳಿಗೆ ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ. ಮಾಡಿದ ಕೆಲಸಕ್ಕೆ 30 ದಿನ ವಾರಂಟಿ.

ಪಾತ್ (ಮಿತಿ 15): ಮೈಸೂರು / ನಲ್ಲಿ-ರಿಪೇರಿ

ಸೈಟ್‌ಲಿಂಕ್ (ಹೆಸರು 25, ಸಾಲು 35)

ದರಪಟ್ಟಿ
ನಲ್ಲಿ, ಸಿಂಕ್, ಕಮೋಡ್ ಕೂಲಿ ದರ
ಸಾಮಾನಿನ ಬೆಲೆ ಬೇರೆ, ಬಿಲ್ ಸಮೇತ

ಗೋಡೆಯ ತೇವ ಪರೀಕ್ಷೆ
ಒಡೆಯುವ ಮೊದಲು ಎಲ್ಲಿ ಎಂದು ಪತ್ತೆ
ಟ್ಯಾಂಕ್, ವಾಲ್ವ್, ಲೈನ್ ತಪಾಸಣೆ

ಪ್ಲಂಬರ್ ಬರುವ ಮುನ್ನ
ನೀರು ನಿಲ್ಲಿಸುವ ವಾಲ್ವ್ ಯಾವುದು?
ಮೊದಲು ಮಾಡಬೇಕಾದ ಕೆಲಸ

ಕಾಲ್‌ಔಟ್ (ಮಿತಿ 25): ಲಿಖಿತ ಅಂದಾಜು · ಯುಪಿಐ ಪಾವತಿ · ಭಾನುವಾರವೂ ಸೇವೆ · ಕೆಲಸದ ನಂತರ ಸ್ವಚ್ಛತೆ

ಲ್ಯಾಂಡಿಂಗ್ ಪುಟ

ಮೈಸೂರಿನಲ್ಲಿ ನಲ್ಲಿ, ಪೈಪ್ ರಿಪೇರಿ. ದರ ಮೊದಲು, ಕೆಲಸ ಆಮೇಲೆ.

ಭೇಟಿ ಶುಲ್ಕ ₹149. ಬಂದು ನೋಡುತ್ತೇವೆ, ಕೂಲಿ ಎಷ್ಟು, ಸಾಮಾನು ಯಾವುದು ಎಂದು ಚೀಟಿಯಲ್ಲಿ ಬರೆದುಕೊಡುತ್ತೇವೆ. ಒಪ್ಪಿಗೆಯಾಗದಿದ್ದರೆ ₹149 ಕೊಟ್ಟು ಕಳಿಸಿಬಿಡಿ, ಬೇಸರವಿಲ್ಲ. ಕೆಲಸ ಮಾಡಿಸಿದರೆ ಆ ಹಣ ಕೂಲಿಯಲ್ಲೇ ಕಳೆಯುತ್ತದೆ.

[ಈಗಲೇ ಕರೆ ಮಾಡಿ]

ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ, ಭಾನುವಾರವೂ. ಕುವೆಂಪುನಗರ, ವಿಜಯನಗರ, ಗೋಕುಲಂ, ಸರಸ್ವತಿಪುರಂ, ರಾಮಕೃಷ್ಣನಗರ, ಜಯಲಕ್ಷ್ಮೀಪುರಂ.

ದರಪಟ್ಟಿ

ನಲ್ಲಿಯ ವಾಷರ್ ಅಥವಾ ಸ್ಪಿಂಡಲ್ ಬದಲಿಸಲು ₹200. ಹೊಸ ನಲ್ಲಿ ಕೂರಿಸಲು ₹250. ಫ್ಲಶ್ ಟ್ಯಾಂಕ್ ರಿಪೇರಿ ₹350. ಸಿಂಕ್ ಬ್ಲಾಕ್ ₹400, ಕಮೋಡ್ ಬ್ಲಾಕ್ ₹700. ಇದು ಕೂಲಿ ಮಾತ್ರ. ಸಾಮಾನನ್ನು ನೀವೇ ತಂದುಕೊಡಬಹುದು. ನಾವು ತಂದರೆ ಅಂಗಡಿ ಬಿಲ್ ನಿಮ್ಮ ಕೈಗೆ. ಸಂಪು, ಟ್ಯಾಂಕ್, ಮೋಟರ್ ಲೈನ್ ಮತ್ತು ಗೋಡೆಯೊಳಗಿನ ಪೈಪಿಗೆ ನೋಡದೆ ದರ ಹೇಳುವುದಿಲ್ಲ. ನಗದು, ಯುಪಿಐ ಎರಡೂ ಆಗುತ್ತದೆ. ಮಾಡಿದ ಕೆಲಸ 30 ದಿನದೊಳಗೆ ಅದೇ ಜಾಗದಲ್ಲಿ ಮತ್ತೆ ಸೋರಿದರೆ ಪುಕ್ಕಟೆಯಾಗಿ ಸರಿಮಾಡುತ್ತೇವೆ.

ಗೋಡೆ ತೇವವಾಗಿದೆಯೇ? ಒಡೆಸುವ ಮೊದಲು ಎರಡು ರಾತ್ರಿ ಕಾಯಿರಿ

ತೇವ ಕಂಡ ಕೂಡಲೇ ಟೈಲ್ಸ್ ಒಡೆಸಿ, ಪೈಪ್ ಗಟ್ಟಿಯಾಗಿದೆ ಎಂದು ಗೊತ್ತಾದಾಗ ಮನೆಯವರಿಗೆ ಆಗುವ ಸಂಕಟ ಕಂಡಿದ್ದೇವೆ. ಆದ್ದರಿಂದ ಇದನ್ನು ನೀವೇ ಮಾಡಿ ನೋಡಿ. ರಾತ್ರಿ ಎಲ್ಲರೂ ಮಲಗುವಾಗ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕೆ ಒಳಗೆ ಸೀಮೆಸುಣ್ಣದಿಂದ ಗುರುತು ಹಾಕಿ. ಮೋಟರ್ ಹಾಕಬೇಡಿ, ನೀರು ಬಳಸಬೇಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಮರುರಾತ್ರಿ ಟ್ಯಾಂಕಿನ ಕೆಳಗಿನ ಗೇಟ್ ವಾಲ್ವ್ ಪೂರ್ತಿ ಮುಚ್ಚಿ ಮತ್ತೆ ನೋಡಿ. ಈ ಸಲ ಇಳಿಯದಿದ್ದರೆ ದೋಷ ಮನೆಯ ಲೈನಿನಲ್ಲೋ ಫ್ಲಶ್ ಟ್ಯಾಂಕಿನಲ್ಲೋ ಇದೆ. ಆಗಲೂ ಇಳಿದರೆ ಟ್ಯಾಂಕೋ ಆ ವಾಲ್ವೋ ಸೋರುತ್ತಿದೆ.

ಸ್ನಾನ ಮಾಡಿದ ದಿನ ಮಾತ್ರ ತೇವ ಹೆಚ್ಚಾದರೆ ಮೊದಲೇ ಸರಬರಾಜು ಪೈಪಿನ ಮೇಲೆ ಅನುಮಾನ ಬೇಡ. ಟೈಲ್ಸ್ ಸಂದು ಅಥವಾ ನೀರು ಹೋಗುವ ಪೈಪ್ ಮೊದಲು ನೋಡಬೇಕು. ಮಳೆ ಬಂದಾಗ ಮಾತ್ರ ಎಂದರೆ ಅದು ಛಾವಣಿಯ ಅಥವಾ ಹೊರಗೋಡೆಯ ಕೆಲಸ, ನಮ್ಮದಲ್ಲ. ಫೋನಿನಲ್ಲೇ ಹಾಗೆಂದು ಹೇಳುತ್ತೇವೆ, ನಿಮ್ಮ ₹149 ಉಳಿಯಲಿ.

ಪ್ಲಂಬರ್ ಬರುವ ಮುನ್ನ

ನೀರು ಚಿಮ್ಮುತ್ತಿದ್ದರೆ ಓವರ್‌ಹೆಡ್ ಟ್ಯಾಂಕಿನ ಕೆಳಗಿನ ಗೇಟ್ ವಾಲ್ವ್ ಮುಚ್ಚಿ. ವಾಶ್ ಬೇಸಿನ್ ಅಥವಾ ಫ್ಲಶ್ ಟ್ಯಾಂಕಿನದಾದರೆ ಪಕ್ಕದ ಸಣ್ಣ ವಾಲ್ವ್, ಅಂದರೆ ಆಂಗಲ್ ಕಾಕ್, ಮುಚ್ಚಿದರೆ ಸಾಕು. ನೀರು ನಿಲ್ಲಿಸಿದ ಮೇಲೆ ಗೀಸರ್ ಸ್ವಿಚ್ ಆರಿಸುವುದನ್ನು ಮರೆಯಬೇಡಿ.

ಕಟ್ಟಿಕೊಂಡ ಸಿಂಕಿಗೆ ಆ್ಯಸಿಡ್ ಸುರಿಯಬೇಡಿ. ಸುರಿದಿದ್ದರೆ ದಯವಿಟ್ಟು ಹೇಳಿ: ಅದಕ್ಕೆ ಕೈ ಹಾಕುವವರು ನಮ್ಮ ಹುಡುಗರು.

ಬೋರ್‌ವೆಲ್ ನೀರಿನ ಮನೆಗಳಲ್ಲಿ ನಲ್ಲಿಯ ಬಾಯಿಯ ಜಾಲರಿಗೆ ಬಿಳಿ ಪೊರೆ ಕಟ್ಟಿ ನೀರು ಸಣ್ಣದಾಗಿದ್ದರೆ ಆ ಜಾಲರಿ ಬಿಚ್ಚಿ ಒಂದು ಗಂಟೆ ವಿನೆಗರ್‌ನಲ್ಲಿ ನೆನೆಹಾಕಿ ಉಜ್ಜಿ. ಅಷ್ಟಕ್ಕೇ ಸರಿಹೋದರೆ ನಮ್ಮನ್ನು ಕರೆಯಬೇಕಿಲ್ಲ.

[ಕರೆ ಮಾಡಿ, ಬರುವ ಸಮಯ ಕೇಳಿ]